ಡೆಂಗ್ಯೂ ತಲೆನೋವಿಗೆ ಯಾವ ಗುಳಿಗೆ?

ಮಳೆಗಾಲ ಮುಗಿಯುವ ಹೊತ್ತಿಗೆ ಪುಣೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮೂರು ಹೆಸರು ಒಟ್ಟಿಗೇ ಕೇಳಿಬರುತ್ತವೆ: ಡೆಂಗ್ಯೂ, ಮಲೇರಿಯಾ, ಟೈಫಾಯ್ಡ್. ಮೂರರಲ್ಲೂ ತಲೆ ನೋಯುತ್ತದೆ. ಡೆಂಗ್ಯೂದಲ್ಲಿ ನೋವು ಹೆಚ್ಚಾಗಿ ಕಣ್ಣುಗುಡ್ಡೆಯ ಹಿಂದೆ ಕೂತಿರುತ್ತದೆ, ಕಣ್ಣು ಹೊರಳಿಸಿದರೆ ಜಾಸ್ತಿಯಾಗುತ್ತದೆ. ಮಲೇರಿಯಾದಲ್ಲಿ ಚಳಿ ನಡುಕದ ಜೊತೆ ಏರುತ್ತದೆ. ಟೈಫಾಯ್ಡಿನಲ್ಲಿ ಜ್ವರ ದಿನದಿಂದ ದಿನಕ್ಕೆ ಏರುತ್ತ, ತಲೆ ಒಂದೇ ಸಮನೆ ಮಂಕಾಗಿ ನೋಯುತ್ತಿರುತ್ತದೆ. ಆದರೆ ಹಾಸಿಗೆಯಲ್ಲಿ ಮಲಗಿದವರ ಮಟ್ಟಿಗೆ ಈ ವ್ಯತ್ಯಾಸಗಳೆಲ್ಲ ಕಲಸಿಹೋಗಿರುತ್ತವೆ; ರಕ್ತ ಪರೀಕ್ಷೆ ಆಗದೆ ಹೇಳಲು ಬರುವುದಿಲ್ಲ. ವರದಿ ಬರುವ ಮೊದಲೇ ಗುಳಿಗೆ ಹೊಟ್ಟೆ ಸೇರಿರುತ್ತದೆ.

ಹಡಪ್ಸರದಲ್ಲಿರುವ ಗದಗಿನ ಒಬ್ಬರಿಗೆ ಆದದ್ದೂ ಅದೇ. ಸಂಜೆ 102 ಡಿಗ್ರಿ ಜ್ವರ, ಕಣ್ಣು ಬಿಡಲಾಗದ ತಲೆನೋವು. ಆಫೀಸಿನ ಗೆಳೆಯ ಡ್ರಾಯರಿನಿಂದ ತೆಗೆದುಕೊಟ್ಟ ಗುಳಿಗೆ ನುಂಗಿ ಮನೆಗೆ ಬಂದರು. ರಾತ್ರಿ ಹುಬ್ಬಳ್ಳಿಯಿಂದ ಅಕ್ಕನ ಫೋನು. ಆಕೆ ನರ್ಸು.

“ಯಾವ ಗುಳಿಗಿ ತಗೊಂಡಿ?”

“ತಲಿನೋವಿಂದು ಅಕ್ಕಾ. ಪ್ಯಾರಾಸಿಟಮಾಲ್ ಅಂತ ಬರದದ.”

“ಅದರ ಜೋಡಿ ಮತ್ತೇನರ ಬರದದ ನೋಡು.”

ಬರೆದಿತ್ತು: ಐಬುಪ್ರೊಫೆನ್ 400 ಮಿ.ಗ್ರಾಂ, ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಇಂಥ ಜೋಡಿ ಗುಳಿಗೆಗಳು ಧಾರಾಳ. ಪ್ಯಾರಾಸಿಟಮಾಲ್ ಜೊತೆ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಅಥವಾ ಮೆಫೆನಮಿಕ್ ಆಸಿಡ್ ಇರುವ ಗುಳಿಗೆಗಳೂ ಸಿಗುತ್ತವೆ. ‘ತಲೆನೋವಿನ ಗುಳಿಗೆ’ ಎಂಬ ನಮ್ಮ ಒಂದೇ ಮಾತು ಇವೆಲ್ಲವನ್ನೂ ಮುಚ್ಚಿಬಿಡುತ್ತದೆ.

ಡೆಂಗ್ಯೂದಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಇಳಿಯುತ್ತದೆ. ಗಾಯವಾದ ಕಡೆ ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುವ ಕಣಗಳಿವು. ಅಂಟಿಕೊಳ್ಳಲು ಪರಸ್ಪರ ಸೂಚನೆ ಕೊಡುವ ರಾಸಾಯನಿಕವನ್ನು ತಯಾರಿಸಲು ಅವಕ್ಕೊಂದು ಕಿಣ್ವ ಬೇಕು. ಆಸ್ಪಿರಿನ್ ಆ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್‌ಲೆಟ್ ಬದುಕಿರುವ ಏಳರಿಂದ ಹತ್ತು ದಿನ ಅದು ಸರಿಯಾಗುವುದಿಲ್ಲ. ಐಬುಪ್ರೊಫೆನ್ ಅದೇ ಕಿಣ್ವವನ್ನು ತಾತ್ಕಾಲಿಕವಾಗಿ ತಡೆಯುತ್ತದೆ. ಅಂದರೆ ಸಂಖ್ಯೆ ಇಳಿಯುತ್ತಿರುವಾಗಲೇ ಉಳಿದವುಗಳ ಕೈಯನ್ನೂ ಕಟ್ಟಿಹಾಕಿದಂತೆ. ಜೊತೆಗೆ ಈ ಗುಳಿಗೆಗಳು ಜಠರದ ಒಳಪದರವನ್ನು ಕೆರಳಿಸುತ್ತವೆ, ರಕ್ತ ಒಸರುವ ಜಾಗವೂ ಅಲ್ಲೇ ಸಿದ್ಧವಾಗುತ್ತದೆ. ಇನ್ನೊಂದು ತೊಡಕು: ಡೆಂಗ್ಯೂ ಬಿಗಡಾಯಿಸುವ ಮುಖ್ಯ ಸೂಚನೆಗಳಲ್ಲಿ ಹೊಟ್ಟೆನೋವು ಒಂದು. ಗುಳಿಗೆಯಿಂದಲೂ ಹೊಟ್ಟೆ ನೋಯತೊಡಗಿದರೆ ಯಾವುದು ಯಾವುದೆಂದು ತಿಳಿಯುವುದು ಕಷ್ಟ. ಪ್ಯಾರಾಸಿಟಮಾಲ್ ಪ್ಲೇಟ್‌ಲೆಟ್‌ಗಳನ್ನು ಹೆಚ್ಚು ಮುಟ್ಟುವುದಿಲ್ಲ, ಜಠರವನ್ನೂ ಅಷ್ಟು ಕೆಣಕುವುದಿಲ್ಲ. ಹಾಗಾಗಿ ಅದು.

ಒಂದು ಗುಳಿಗೆಯಿಂದ ಅನಾಹುತವೇನೂ ಆಗಲಿಲ್ಲ. ಐಬುಪ್ರೊಫೆನ್ ಪ್ರಭಾವ ಸುಮಾರು ಒಂದು ದಿನದಲ್ಲಿ ಕಳೆಯುತ್ತದೆ. ಅಕ್ಕ ಹೇಳಿದಂತೆ ಅದನ್ನು ಬಿಟ್ಟರು, ಡಾಕ್ಟರಿಗೆ ಮುಚ್ಚಿಡದೆ ತಿಳಿಸಿದರು. ಎರಡನೇ ದಿನದ ಪರೀಕ್ಷೆಯಲ್ಲಿ ಎನ್‌ಎಸ್‌1 ಪಾಸಿಟಿವ್ ಬಂತು, ಪ್ಲೇಟ್‌ಲೆಟ್ 1.7 ಲಕ್ಷ. ನಾಲ್ಕನೇ ದಿನ 92 ಸಾವಿರ. ಐದನೇ ದಿನ ಜ್ವರ ಇಳಿಯಿತು, ತಲೆನೋವೂ ಹೋಯಿತು, ಮನೆಯವರು ನಿಟ್ಟುಸಿರು ಬಿಟ್ಟರು. ಆ ದಿನದ ಎಣಿಕೆ 61 ಸಾವಿರ. ಡೆಂಗ್ಯೂದಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು, ರಕ್ತನಾಳಗಳಿಂದ ದ್ರವ ಸೋರುವ ಹೊತ್ತು ಅದು. ಹಾಗಾಗಿ ಡಾಕ್ಟರು ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಮೊದಲ ರಾತ್ರಿಯ ಆ ಗುಳಿಗೆ ದಿನಕ್ಕೆ ಮೂರರಂತೆ ಅಲ್ಲಿಯವರೆಗೂ ನಡೆದಿದ್ದರೆ, ಆ ಎರಡು ದಿನಗಳ ಲೆಕ್ಕ ಬೇರೆಯಿರುತ್ತಿತ್ತು.

ಪ್ಯಾರಾಸಿಟಮಾಲ್‌ಗೂ ಮಿತಿಯುಂಟು. ದೊಡ್ಡವರಿಗೆ ಒಮ್ಮೆಗೆ 500 ಅಥವಾ 650 ಮಿ.ಗ್ರಾಂ, ನಡುವೆ ಕನಿಷ್ಠ ನಾಲ್ಕರಿಂದ ಆರು ತಾಸು. ದಿನಕ್ಕೆ 4 ಗ್ರಾಂ ಗರಿಷ್ಠ. ಡೆಂಗ್ಯೂ ಯಕೃತ್ತನ್ನೂ ತಟ್ಟುವುದರಿಂದ ಅನೇಕ ಡಾಕ್ಟರುಗಳು 3 ಗ್ರಾಂ ದಾಟಲು ಬಿಡುವುದಿಲ್ಲ. ನೆಗಡಿಯ ಗುಳಿಗೆಗಳಲ್ಲೂ ಅದೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ನೋವು ಪೂರ್ತಿ ಹೋಗಲಿಲ್ಲವೆಂದು ಬಲವಾದದ್ದೊಂದನ್ನು ಹುಡುಕುವಾಗಲೇ ಹೆಚ್ಚಿನವರು ಎಡವುತ್ತಾರೆ. ಹೃದಯಕ್ಕೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ತಾವೇ ಅದನ್ನು ನಿಲ್ಲಿಸಬಾರದು, ಜ್ವರದ ಮೊದಲ ದಿನವೇ ಡಾಕ್ಟರನ್ನು ಕೇಳಬೇಕು.

ಕೊನೆಗೆ ಅದು ಡೆಂಗ್ಯೂ ಅಲ್ಲವೆಂದಾದರೆ? ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಟೈಫಾಯ್ಡಿನಲ್ಲಿ ಎರಡು ಮೂರನೇ ವಾರದ ಹೊತ್ತಿಗೆ ಕರುಳಿನಲ್ಲಿ ಹುಣ್ಣಾಗಿ ರಕ್ತ ಹೋಗುವ ಸಂಭವವಿದೆ. ಕಾಯ್ದುಕೊಂಡದ್ದು ಅಲ್ಲೂ ವ್ಯರ್ಥವಲ್ಲ. ಆದರೆ ತಲೆನೋವಿನ ಜೊತೆ ಕತ್ತು ಬಿಗಿಯುವುದು, ಮಾತು ತಡವರಿಸುವುದು, ಮಂಪರು ಶುರುವಾದರೆ ಅದು ಗುಳಿಗೆಯ ಪ್ರಶ್ನೆಯೇ ಅಲ್ಲ. ಮಿದುಳಿಗೆ ಏರಿದ ಮಲೇರಿಯಾ ಇರಬಹುದು, ಮಿದುಳಿನ ಪೊರೆಯ ಸೋಂಕಿರಬಹುದು. ಆಗ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು, ನುಂಗಿದ ಗುಳಿಗೆಗಳ ಖಾಲಿ ಹಾಳೆಗಳನ್ನೂ ಜೊತೆಗಿಟ್ಟುಕೊಂಡು.