ಖರೀದಿ ಮುಖ್ಯಸ್ಥರಿಗೆ ಒಂದು ಓಲೆ

ಸಂಜೆ ಗೋದಾಮಿನ ಶಟರ್ ಇಳಿಸಿದ ಮೇಲೆ ನಮ್ಮ ರೋಣದ ಹುಡುಗರು ರೀಲ್ಸ್ ನೋಡುತ್ತ ಕೂರುತ್ತಾರೆ. ನಾನು ಲಿಂಕ್ಡ್‌ಇನ್ ತೆಗೆಯುತ್ತೇನೆ. ಕೆಲಸ ಹುಡುಕಲು ಅಲ್ಲ, ಕಡಲೆ ಮಾರಲು. ಹಾಗೆಂದು ಅದನ್ನು ಬರೀ ಮಾರಾಟ ಎಂದರೆ ಸುಳ್ಳಾಗುತ್ತದೆ. ಎಂದೂ ಮುಖ ನೋಡಿರದ ಒಬ್ಬರ ಬರಹವನ್ನು ವಾರಗಟ್ಟಲೆ ಓದಿ, ಅವರ ತಲೆನೋವು ಯಾವುದೆಂದು ತಿಳಿದುಕೊಂಡು, ಕಡೆಗೆ ನಾಲ್ಕು ಸಾಲು ಬರೆಯುವ ಈ ಕಸುಬು ನನಗೆ ಸೇರಿದೆ. ಕೆಲವರಿಗೆ ಇಸ್ಪೀಟು, ನನಗೆ ಇದು.

ನಾನಿರುವುದು ರೈತರೇ ಸೇರಿ ಕಟ್ಟಿಕೊಂಡ ಒಂದು ಕಂಪನಿಯಲ್ಲಿ. ರೋಣ, ನರಗುಂದ, ಗಜೇಂದ್ರಗಡದ ಎರಿ ಹೊಲಗಳಲ್ಲಿ ಹಿಂಗಾರಿಗೆ ಕಡಲೆ ಬೀಳುತ್ತದೆ. ಅಕ್ಟೋಬರಿನಲ್ಲಿ ಬಿತ್ತಿದ್ದು ಶಿವರಾತ್ರಿ ಹೊತ್ತಿಗೆ ರಾಶಿಯಾಗುತ್ತದೆ. ಪುಟಾಣಿ ಮತ್ತು ಕಡಲೆಹಿಟ್ಟು ಮಾಡುವ ದೊಡ್ಡ ಕಂಪನಿಗಳು ವರ್ಷದ ಸರಕು ಎಲ್ಲಿಂದ ತರಬೇಕೆಂದು ಗೊತ್ತುಮಾಡುವುದೂ ಅದೇ ಹೊತ್ತಿಗೆ. ಆಷಾಢದಲ್ಲಿ ಎಷ್ಟು ಚೆಂದ ಬರೆದರೂ ಉತ್ತರ ಬರುವುದಿಲ್ಲ. ಹಾಗಾಗಿ ನನ್ನ ಓದು ಸಂಕ್ರಾಂತಿಗೇ ಶುರುವಾಗುತ್ತದೆ.

ಖರೀದಿ ಮುಖ್ಯಸ್ಥರ ಡಬ್ಬಿಯಲ್ಲಿ ದಿನವೂ ಬೀಳುವ ಪತ್ರಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು: ‘ನಾವು ಉತ್ತಮ ಗುಣಮಟ್ಟದ ಕಡಲೆ ಪೂರೈಸುತ್ತೇವೆ, ದರಪಟ್ಟಿ ಲಗತ್ತಿಸಿದೆ, ಒಂದು ಅವಕಾಶ ಕೊಡಿ.’ ಬರೆದವನ ಹೆಸರು ಅಳಿಸಿ ಇನ್ನೊಬ್ಬನದು ಹಾಕಿದರೂ ನಡೆಯುತ್ತದೆ. ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ‘ನಿಮ್ಮ ಪೋಸ್ಟ್‌ಗಳು ಬಹಳ ಸ್ಫೂರ್ತಿದಾಯಕ’ ಎಂದು ಶುರುವಾಗುವುದು. ಯಾವ ಪೋಸ್ಟು, ಏನು ಸ್ಫೂರ್ತಿ ಎಂದು ಕೇಳಿದರೆ ಬರೆದವನೇ ತಡವರಿಸುತ್ತಾನೆ.

ಹೋದ ಸುಗ್ಗಿಯ ಮಾತು. ಬೆಂಗಳೂರಿನ ಒಂದು ಕಂಪನಿಯ ಖರೀದಿ ಮುಖ್ಯಸ್ಥೆ ಧಾರವಾಡದ ಕಡೆಯವರು. ಬರೆಯುವುದು ಇಂಗ್ಲಿಷಿನಲ್ಲಿ, ಆದರೆ ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲೇ ಉತ್ತರಿಸುತ್ತಾರೆ. ಅವರ ಹಳೆಯ ಬರಹಗಳಲ್ಲಿ ಸಭೆ, ಸನ್ಮಾನಗಳ ಫೋಟೊ ದಾಟುತ್ತ ಹೋದಾಗ ಒಂದು ಕಡೆ ಕಣ್ಣು ನಿಂತಿತು. ಪುಟಾಣಿ ಹುರಿಯುವಾಗ ಒಂದೇ ಲೋಡಿನ ಕಾಳಲ್ಲಿ ಕೆಲವು ಸೀಯುತ್ತವೆ, ಕೆಲವು ಅರಳುವುದೇ ಇಲ್ಲ. ತೇವಾಂಶ ಸರಿಯಿದೆ, ಕಸವಿಲ್ಲ, ಆದರೂ ಹೀಗೆ ಎಂದು ಬರೆದಿದ್ದರು. ಕೆಳಗೆ ಇಪ್ಪತ್ತು ಜನ ಚಪ್ಪಾಳೆ ತಟ್ಟಿ ಹೋಗಿದ್ದರು. ಕಾರಣ ಯಾರೂ ಹೇಳಿರಲಿಲ್ಲ.

ಕಾರಣ ನಮ್ಮ ಕಣದಲ್ಲೇ ಇತ್ತು. ಈ ಸೀಮೆಯಲ್ಲಿ ಹಳೆಯ ಅಣ್ಣಿಗೇರಿ-1 ಬಿತ್ತುವವರೂ ಇದ್ದಾರೆ, ಜೆಜಿ-11 ಬಿತ್ತುವವರೂ ಇದ್ದಾರೆ. ಜೆಜಿ-11ರ ಕಾಳು ತುಸು ದಪ್ಪ. ರಾಶಿ ಮಷಿನ್ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವಾಗ ಹೊಟ್ಟೆಯಲ್ಲಿ ಹಿಂದಿನ ಹೊಲದ ಕಾಳು ಉಳಿದಿರುತ್ತದೆ. ಆಮೇಲೆ ಮಾರುಕಟ್ಟೆಯಲ್ಲಿ ಐದಾರು ಊರಿನ ರಾಶಿ ಒಂದೇ ಲಾರಿಗೆ ಬೀಳುತ್ತದೆ. ಪುಟಾಣಿ ಭಟ್ಟಿಯಲ್ಲಿ ಕಾಳಿಗೆ ನೀರು ಹಾಯಿಸಿ, ಬಿಸಿ ಮರಳಿನಲ್ಲಿ ಹುರಿದು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹುರಿಯುತ್ತಾರೆ. ದಪ್ಪ ಕಾಳಿಗೆ ಶಾಖ ಹೊಂದಿಸಿದರೆ ಸಣ್ಣದು ಸೀಯುತ್ತದೆ, ಸಣ್ಣದಕ್ಕೆ ಹೊಂದಿಸಿದರೆ ದಪ್ಪದ್ದು ಅರಳುವುದಿಲ್ಲ. ತೇವಾಂಶದ ಮೀಟರಿಗೆ ಇದು ಕಾಣುವುದಿಲ್ಲ.

ಇದನ್ನು ಪತ್ರದಲ್ಲಿ ಬರೆಯಲಿಲ್ಲ. ಅವರ ಪೋಸ್ಟಿನ ಕೆಳಗೇ, ಎಲ್ಲರಿಗೂ ಕಾಣುವಂತೆ ಬರೆದೆ. ಜೊತೆಗೆ ಒಂದು ಪರೀಕ್ಷೆ ಹೇಳಿದೆ: ಲೋಡಿನ ಬೇರೆ ಬೇರೆ ಚೀಲಗಳಿಂದ ನೂರು ನೂರು ಕಾಳು ಎಣಿಸಿ ತೂಗಿ ನೋಡಿ, ಒಂದು ಚೀಲದ ನೂರು ಕಾಳು ಹತ್ತೊಂಬತ್ತು ಗ್ರಾಂ, ಇನ್ನೊಂದರದು ಇಪ್ಪತ್ತಮೂರು ಬಂದರೆ ತಳಿ ಕೂಡಿದೆ ಎಂದೇ ಅರ್ಥ. ನಮ್ಮ ಕಂಪನಿಯ ಹೆಸರು ಎತ್ತಲಿಲ್ಲ. ಇಲ್ಲಿಯೇ ಬಹಳ ಜನ ಅವಸರ ಮಾಡುತ್ತಾರೆ. ಹತ್ತು ಮಂದಿಯ ಎದುರು ಸರಕಿನ ಮಾತೆತ್ತಿದರೆ ಆಕೆಗೆ ಹೂಂ ಅನ್ನಲೂ ಆಗದು, ಊಹೂಂ ಅನ್ನಲೂ ಆಗದು, ಸುಮ್ಮನಾಗುತ್ತಾರೆ. ಅವರು ಸುಮ್ಮನಾಗಲಿಲ್ಲ. ಮಾರನೆಯ ವಾರ ತೂಗಿದ ಲೆಕ್ಕ ಹಾಕಿದರು, ನಾನು ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ. ಮಾತು ಬೆಳೆಯಿತು.

ಆಮೇಲೆ ಸಂಪರ್ಕದ ಕೋರಿಕೆ. ಹಣ ಕಟ್ಟದ ಖಾತೆಗೆ ಅದರ ಜೊತೆ ಬರೆಯಲು ಸಿಗುವುದು 200 ಅಕ್ಷರದ ಜಾಗ. ಕನ್ನಡದಲ್ಲಿ ಅದು ಇನ್ನೂ ಇಕ್ಕಟ್ಟು, ಏಕೆಂದರೆ ‘ಣ್ಣ’ ನಮಗೆ ಒಂದಕ್ಷರ, ಯಂತ್ರದ ಲೆಕ್ಕಕ್ಕೆ ಮೂರು. ಅಳೆದು ಬರೆಯುವ ಈ ಸುಖಕ್ಕಾಗಿಯೇ ನಾನು ಹಣ ಕಟ್ಟಿಲ್ಲವೇನೋ! ಬರೆದದ್ದು ಇಷ್ಟು: ‘ಮೇಡಂ, ಪುಟಾಣಿ ಹುರಿಯುವಾಗ ಸಣ್ಣ ಕಾಳು ಸೀಯುವ ಬಗ್ಗೆ ನೀವು ಬರೆದದ್ದಕ್ಕೆ ಉತ್ತರಿಸಿದ್ದೆ. ರೋಣದ ರೈತ ಕಂಪನಿಯಲ್ಲಿ ದಾಸ್ತಾನು ನೋಡಿಕೊಳ್ಳುತ್ತೇನೆ.’

ಒಪ್ಪಿದರು. ಅಸಲು ಪತ್ರದ ಸರದಿ ಬಂತು. ಅದು ಹೀಗಿತ್ತು:

‘ನಮಸ್ಕಾರ ಮೇಡಂ. ತಳಿ ಕೂಡುವುದೇ ತೊಂದರೆ ಎಂದು ನಿಮ್ಮ ತೂಕದ ಲೆಕ್ಕದಲ್ಲಿ ಕಂಡಿತು. ನಾವು ಈ ವರ್ಷ ಜೆಜಿ-11 ಬಿತ್ತಿದ ಹೊಲಗಳ ರಾಶಿಯನ್ನಷ್ಟೇ ಬೇರೆ ಇಟ್ಟಿದ್ದೇವೆ, ಚೀಲದ ಮೇಲೆ ಊರಿನ ಹೆಸರಿದೆ. ಸದ್ಯ ಹತ್ತು ಟನ್ನಿನ ಒಂದು ಲೋಡು ಮಾತ್ರ. ನಿಮ್ಮ ಭಟ್ಟಿಯಲ್ಲಿ ಹುರಿದು ನೋಡಲು ಒಂದು ಕಿಲೋ ಕಳಿಸಬಹುದೇ? ಯಾರ ಹೆಸರಿಗೆ ಕಳಿಸಲಿ?’

ನಮ್ಮ ನಿರ್ದೇಶಕ ಕಾಕಾ ಕನ್ನಡಕ ಏರಿಸಿ ಓದಿದರು. “ಇದರಾಗ ರೇಟ್ ಎಲ್ಲೈತೋ ತಮ್ಮಾ?”

“ಅವರು ಇನ್ನೂ ಕೇಳಿಲ್ಲಲ್ಲ ಕಾಕಾ.”

“ಕೇಳ್ಲಿಲ್ಲಂದ್ರೂ ಹೇಳಬೇಕಪಾ, ಯಾಪಾರ ಅದು.”

ಕಾಕಾನ ಮಾತು ಮಾರುಕಟ್ಟೆಯಲ್ಲಿ ಸರಿ. ಇಲ್ಲಿ ರೇಟು ಬರೆದ ಕೂಡಲೇ ಪತ್ರ ಓದುವ ಕಣ್ಣು ಬದಲಾಗುತ್ತದೆ, ಇದಕ್ಕಿಂತ ಐವತ್ತು ರೂಪಾಯಿ ಕಡಿಮೆಗೆ ಯಾರು ಕೊಡುತ್ತಾರೆ ಎಂದು ಹುಡುಕುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಹೊಸಬರ ಸರಕು ತರಿಸಿಕೊಳ್ಳುವುದು ಮುಖ್ಯಸ್ಥೆಯೊಬ್ಬರ ಕೈಯಲ್ಲಿಲ್ಲ. ಗುಣಮಟ್ಟದವರು ಸ್ಯಾಂಪಲ್ ಒಪ್ಪಬೇಕು, ಜಿಎಸ್‌ಟಿ, ಪ್ಯಾನ್, ಎಫ್‌ಎಸ್‌ಎಸ್‌ಎಐ ಪರವಾನಗಿ, ರದ್ದು ಮಾಡಿದ ಚೆಕ್ಕು ಕೊಟ್ಟು ಪೂರೈಕೆದಾರರ ಪಟ್ಟಿಗೆ ಸೇರಬೇಕು. ಗೇಟಿಗೆ ಬಂದ ಲೋಡು ತಿರಸ್ಕಾರವಾದರೆ ಮಾತ್ರ ಕೇಳಿಸಿಕೊಳ್ಳುವವರು ಆಕೆಯೇ. ‘ಆರ್ಡರ್ ಕೊಡಿ’ ಅಂದರೆ ಅಷ್ಟೂ ಭಾರವನ್ನು ಅವರ ತಲೆಗೆ ಹೊರಿಸಿದ ಹಾಗೆ. ‘ಯಾರ ಹೆಸರಿಗೆ ಕಳಿಸಲಿ’ ಅಂದರೆ ಬಸ್ಸಿಗೆ ಕಾಯುತ್ತಲೇ ಉತ್ತರ ಬರೆಯಬಹುದು. ಹತ್ತೇ ಟನ್ ಎಂದದ್ದೂ ಬೇಕೆಂದೇ. ‘ಎಷ್ಟು ಬೇಕಾದರೂ ಇದೆ’ ಎನ್ನುವವನು ಮಾರುಕಟ್ಟೆಯಲ್ಲಿ ಕೊಂಡು ಕೂಡಿಸಿ ಕಳಿಸುತ್ತಾನೆಂದು ಖರೀದಿಯವರಿಗೆ ಚೆನ್ನಾಗಿ ಗೊತ್ತು.

ಗಜೇಂದ್ರಗಡದಲ್ಲಿ ಪಟ್ಟೇದಂಚು ಸೀರೆ ನೇಯುವ ನನ್ನ ದೋಸ್ತನೂ ಇದೇ ದಾರಿ ಹಿಡಿದಿದ್ದಾನೆ. ಅವನ ಕೊಳ್ಳುವವರ ಗೋಳು ಬೇರೆ, ಒಗೆದಾಗ ಅಂಚಿನ ಬಣ್ಣ ಚೌಕಳಿ ಒಡಲಿಗೆ ಹತ್ತುತ್ತದೆ ಎಂಬುದು. ಅವನ ಪತ್ರದಲ್ಲಿ ಸೀರೆಯ ಫೋಟೊಗಿಂತ ಮೊದಲು ಒಗೆದ ತುಂಡಿನ ಫೋಟೊ ಹೋಗುತ್ತದೆ.

ಉತ್ತರ ಬಾರದಿದ್ದರೆ? ‘ನನ್ನ ಮೆಸೇಜ್ ನೋಡಿದಿರಾ’ ಎಂದು ಬರೆಯುವುದಿಲ್ಲ. ನೋಡಿದ್ದು ಅಲ್ಲೇ ಕಾಣುತ್ತದೆ. ಹೇಳಲು ಹೊಸದೇನಾದರೂ ಇದ್ದರೆ, ನರಗುಂದದ ಕಡೆಯ ರಾಶಿ ಬಂತು, ನೂರು ಕಾಳಿನ ತೂಕ ಇಷ್ಟು ಎಂದು ಒಮ್ಮೆ ಬರೆಯುತ್ತೇನೆ. ಅದಕ್ಕೂ ಮೌನವಾದರೆ ಮುಂದಿನ ಸುಗ್ಗಿ. ವರ್ಷದ ಒಪ್ಪಂದ ಈಗಾಗಲೇ ಬೇರೆಯವರ ಜೊತೆ ಆಗಿದ್ದರೆ ಯಾವ ಪತ್ರವೂ ಅದನ್ನು ಮುರಿಯಲಾರದು.

ಆ ಸಲ ಉತ್ತರ ಬಂತು. ಗುಣಮಟ್ಟ ವಿಭಾಗದವರೊಬ್ಬರ ಹೆಸರು, ವಿಳಾಸ, ಜೊತೆಗೆ ಒಂದು ಸಾಲು: ‘ಒಂದೇ ಚೀಲದ್ದು ಬೇಡ.’ ಕಬ್ಬಿಣದ ಕೊಳವೆ ಚುಚ್ಚಿ ಥಪ್ಪಿಯ ಮೇಲಿನ, ನಡುವಿನ, ತಳದ ಚೀಲಗಳಿಂದ ಕಾಳು ತೆಗೆದು ಮೊರಕ್ಕೆ ಸುರಿದೆ. ಚಹಾ ಕುಡಿದು ಬರುವಷ್ಟರಲ್ಲಿ ಕಾಕಾ ಒಡಕು, ಮುರುಟು ಕಾಳನ್ನೆಲ್ಲ ಆರಿಸಿ ಪಕ್ಕಕ್ಕಿಟ್ಟಿದ್ದರು, ಮದುವಿ ಮನಿಗೆ ಹೋಗೂ ಸರಕು ಚಂದ ಇರ್ಲಿ ಎಂದು. ಲಾರಿಯಲ್ಲಿ ಹೋಗುವ ಚೀಲದಲ್ಲಿ ಒಡಕು ಇದ್ದೇ ಇರುತ್ತದೆ ಕಾಕಾ, ಆಗ ಅವರು ಇದರ ಜೊತೆ ಹೋಲಿಸಿ ನೋಡುತ್ತಾರೆ ಎಂದು ಹೇಳಿ, ಅವರು ಆರಿಸಿದ್ದಷ್ಟನ್ನೂ ಮತ್ತೆ ಮೊರಕ್ಕೆ ಬೆರೆಸಿ ಒಂದು ಕಿಲೋ ತೂಗಿದೆ.