ಟೆಕ್ಸೆಲ್ ಕುರಿಯ ಒಂದು ಅಕ್ಷರ

ನಾನು ಜೀವಮಾಹಿತಿ ವಿಜ್ಞಾನ ಕಲಿಸುತ್ತೇನೆ. ಒಂದು ಮೈಕ್ರೋ ಆರ್‌ಎನ್‌ಎ ಯಾವ ಜೀನ್‌ಗಳನ್ನು ಹತ್ತಿಕ್ಕಬಹುದು ಎಂದು ಕಂಪ್ಯೂಟರ್ ಊಹಿಸಿದ ಪಟ್ಟಿ ಹಿಡಿದು ವಿದ್ಯಾರ್ಥಿಗಳು ಬರುತ್ತಾರೆ. ನೂರಾರು ಹೆಸರುಗಳಿರುತ್ತವೆ. ಯಾವುದನ್ನು ನಂಬಿ ಒಂದು ವರ್ಷದ ಪ್ರಯೋಗಕ್ಕೆ ಇಳಿಯುವುದು ಎಂದು ಕೇಳುತ್ತಾರೆ. ಆಗ ನಾನು ನೆದರ್‌ಲ್ಯಾಂಡ್ಸ್‌ನ ಟೆಕ್ಸೆಲ್ ಕುರಿಯ ಕಥೆ ಹೇಳುತ್ತೇನೆ.

ಈ ತಳಿಯ ಕುರಿಗಳು ಮಾಂಸಖಂಡಕ್ಕೆ ಹೆಸರುವಾಸಿ. ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಎಂಬ ಪ್ರೋಟೀನಿನಲ್ಲಿ ದೋಷವಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಆದರೆ ಪ್ರೋಟೀನ್ ಸರಿಯಾಗಿಯೇ ಇತ್ತು. 2006ರಲ್ಲಿ ಬೆಲ್ಜಿಯಂನ ಲಿಯೇಜ್‌ನ ಮಿಷೆಲ್ ಜಾರ್ಜ್ ತಂಡ ಬದಲಾವಣೆಯನ್ನು ಕಂಡದ್ದು ಆ ಜೀನಿನ ಸಂದೇಶವಾಹಕ ಆರ್‌ಎನ್‌ಎಯ ಬಾಲದಲ್ಲಿ, ಪ್ರೋಟೀನಾಗಿ ಅನುವಾದವಾಗದ ಭಾಗದಲ್ಲಿ. ಅಲ್ಲಿ ಒಂದು G ಹೋಗಿ A ಬಂದಿತ್ತು.

ಸ್ನಾಯುವಿನಲ್ಲಿ ಹೇರಳವಾಗಿರುವ ಮಿರ್-1 ಎಂಬ ಮೈಕ್ರೋ ಆರ್‌ಎನ್‌ಎ ಸುಮಾರು 22 ಅಕ್ಷರ ಉದ್ದ. ಗುರಿಯನ್ನು ಹುಡುಕುವಾಗ ಅದರ 2ರಿಂದ 8ನೇ ಅಕ್ಷರಗಳೇ ಮುಖ್ಯ; ಅದನ್ನು ಬೀಜ ಎನ್ನುತ್ತಾರೆ. ಮಿರ್-1ರ ಬೀಜ `GGAAUGU`. ಎರಡು ಎಳೆಗಳು ಎದುರುಬದುರು ದಿಕ್ಕಿನಲ್ಲಿ ಕೂಡುತ್ತವೆ, A ಜೊತೆಗೆ U, G ಜೊತೆಗೆ C. ಹಾಗಾಗಿ ಬೀಜವನ್ನು ಹಿಂದುಮುಂದಾಗಿ ಓದಿ ಜೋಡಿ ಅಕ್ಷರ ಬರೆದರೆ ಗುರಿ ಸಿಗುತ್ತದೆ: `ACAUUCC`. ಹೊಸ A ಬಂದದ್ದರಿಂದ ಕುರಿಯ ಸಂದೇಶದಲ್ಲಿ ಈ ಗುರಿ ಹುಟ್ಟಿಕೊಂಡಿತು. ಮಿರ್-1 ಅಂಟಿತು, ಮಯೋಸ್ಟಾಟಿನ್ ತಗ್ಗಿತು, ಸ್ನಾಯು ಬೆಳೆಯಿತು.

ಹಾಗಾದರೆ ಈ ಏಳಕ್ಷರ ಕಂಡಲ್ಲೆಲ್ಲ ನಿಯಂತ್ರಣ ಇದೆಯೇ? ನಾಲ್ಕು ಅಕ್ಷರಗಳ ಲಿಪಿಯಲ್ಲಿ ಒಂದು ನಿರ್ದಿಷ್ಟ ಏಳಕ್ಷರದ ಪದ ಸರಾಸರಿ 16,384 ಅಕ್ಷರಗಳಿಗೊಮ್ಮೆ ಸುಮ್ಮನೆ ಬಂದೀತು. 20,000 ಜೀನ್‌ಗಳಿಗೆ ತಲಾ ಸಾವಿರ ಅಕ್ಷರದ ಬಾಲವಿದೆ ಎಂದುಕೊಂಡರೂ ಬರೀ ಆಕಸ್ಮಿಕವಾಗಿ 1,200 ಕಡೆ ಸಿಗುತ್ತದೆ. ಇವುಗಳನ್ನು ಜರಡಿ ಹಿಡಿಯಲು ಟಾರ್ಗೆಟ್‌ಸ್ಕ್ಯಾನ್‌ನಂಥ ತಂತ್ರಾಂಶಗಳು ಅದೇ ಏಳಕ್ಷರ ಇಲಿ, ನಾಯಿ, ಮನುಷ್ಯರಲ್ಲೂ ಉಳಿದಿದೆಯೇ ಎಂದು ನೋಡುತ್ತವೆ. ಕೋಟ್ಯಂತರ ವರ್ಷ ಅಳಿಯದೆ ಉಳಿದದ್ದು ಕೆಲಸಕ್ಕೆ ಬರುತ್ತಿರಬೇಕು ಎಂಬ ತರ್ಕ.

ಟೆಕ್ಸೆಲ್ ಕುರಿ ಈ ಜರಡಿಯಲ್ಲಿ ನಿಲ್ಲುವುದಿಲ್ಲ. ಅದರ ಗುರಿ ಇತ್ತೀಚಿನದು, ಬೇರೆ ಪ್ರಾಣಿಗಳಲ್ಲಿ ಇಲ್ಲ. ಆದರೂ ಅದು ನಿಜ. ಅದನ್ನು ತೋರಿಸಿಕೊಟ್ಟದ್ದು ಬೇರೆ ಬಗೆಯ ಸಾಕ್ಷ್ಯ. ಮಿರ್-1 ಮತ್ತು ಮಯೋಸ್ಟಾಟಿನ್ ಸಂದೇಶ ಎರಡೂ ಸ್ನಾಯುವಿನಲ್ಲೇ ಇದ್ದವು. ಬೇರೆ ಬೇರೆ ಅಂಗಾಂಶಗಳಲ್ಲಿದ್ದರೆ ಎಂಥ ಹೊಂದಾಣಿಕೆಯೂ ವ್ಯರ್ಥ. ಇನ್ನು, ತಾಯಿತಂದೆಯರಲ್ಲಿ ಒಬ್ಬರಿಂದ G, ಇನ್ನೊಬ್ಬರಿಂದ A ಪಡೆದ ಕುರಿಗಳ ಸ್ನಾಯುವಿನಲ್ಲಿ ಎರಡೂ ಬಗೆಯ ಸಂದೇಶಗಳನ್ನು ಅಳೆದರು. ಒಂದೇ ಮೈ, ಒಂದೇ ಮೇವು, ಒಂದೇ ವಯಸ್ಸು. ಆದರೂ A ಇದ್ದ ಸಂದೇಶವೇ ಕಡಿಮೆಯಿತ್ತು.