‘ಮಾತ್ರ’ ಎಂಬ ಎರಡಕ್ಷರ

ದೆಹಲಿಯ ಸರ್ಕಾರಿ ವಸತಿಗೃಹಗಳಲ್ಲಿ ವಾಸಿಸುವ ಕನ್ನಡಿಗರಿಗೆ ಕಚೇರಿಯ ಕೆಲಸವಲ್ಲದೆ ಬೇರೊಂದು ಕೆಲಸವೂ ಉಂಟು. ಊರಿನಿಂದ ಬಂದ ಕಾಗದವನ್ನು, ಪಹಣಿಯನ್ನು, ಸೊಸೈಟಿಯ ನೋಟೀಸನ್ನು ಓದಿ ಹೇಳುವುದು. ಇಲ್ಲಿಯೇ ಬೆಳೆದ ಮಕ್ಕಳಿಗೆ ಮನೆಯ ಮಟ್ಟಿನ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹಾಗಾಗಿ ಬಿ.ಎಸ್‌ಸಿ. ಓದಿ ಗುಮಾಸ್ತರಾದ ನಾವು ನಮ್ಮ ಬಡಾವಣೆಯ ಮಟ್ಟಿಗೆ ಸಂಬಳವಿಲ್ಲದ ಅನುವಾದಕರೂ ಆಗಿದ್ದೇವೆ. ಹೀಗೆ ನಮ್ಮ ಕೈಸೇರಿದ ಒಂದು ಕಾಗದದ ಸಂಗತಿಯನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದೇ, ಇಲ್ಲಿ ಬರೆಯುತ್ತಿದ್ದೇವೆ.

2016ರ ಆಗಸ್ಟ್ ತಿಂಗಳು. ಮೇಲಿನ ಮನೆಯ ತರುಣ ಲಕೋಟೆಯೊಂದನ್ನು ಹಿಡಿದು ಬಂದ. ತಂದೆ ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಮಗ ಆರನೇ ವಯಸ್ಸಿಗೇ ದೆಹಲಿಯ ಸೋದರತ್ತೆಯ ಮನೆಗೆ ಬಂದು ಇಲ್ಲೇ ಓದಿದವನು. ನಾಲ್ಕು ವರ್ಷದ ಹಿಂದೆ ಲಖನೌ ಕಡೆಯ ಹುಡುಗಿಯನ್ನು ಮದುವೆಯಾದ. ತಂದೆ ಮದುವೆಗೆ ಬರಲಿಲ್ಲ, ಮಗ ಊರಿಗೆ ಹೋಗಲಿಲ್ಲ. ಆಗೀಗ ಫೋನಿನಲ್ಲಿ ಎರಡು ಮಾತು ನಡೆಯುತ್ತಿತ್ತು. ಆ ವರ್ಷ ತಂದೆಗೆ ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಯೇ ಅಡಗಿಹೋಯಿತು. ಫೋನೂ ನಿಂತಿತು. ಆಮೇಲೆ ಬಂದದ್ದು ಈ ಕಾಗದ.

“ಅಂಕಲ್, ಓದಿ ಹೇಳಿದರೆ ಸಾಲದು, ಹಿಂದಿಯಲ್ಲಿ ಬರೆದುಕೊಡಿ. ಅವಳೂ ಓದಬೇಕು ಅಂತಾಳೆ,” ಎಂದ ಹುಡುಗ.

ಎರಡು ಹಾಳೆಯ ಕಾಗದ. “ಚಿರಂಜೀವಿಗೆ ತಂದೆ ಮಾಡುವ ಆಶೀರ್ವಾದಗಳು, ಉಭಯ ಕುಶಲೋಪರಿ” ಎಂದು ಶುರು. ಗಂಟಲಲ್ಲಿ ನೀರಿಳಿಯದ ಮನುಷ್ಯ ಕುಶಲವೆಂದು ಬರೆದದ್ದನ್ನು ಓದಿ ಪೆನ್ನು ಒಂದು ಕ್ಷಣ ನಿಂತಿತು. ಆದರೆ ಅದು ಕಾಗದದ ಪದ್ಧತಿ. ಹಿಂದಿಯಲ್ಲೂ ಅಂಥ ಪದ್ಧತಿಯುಂಟು. ಹಾಗೆಯೇ ಬರೆದೆವು. ಮುಂದಿನದು ತೋಟದ ಸಮಾಚಾರ: “ಕೊಳೆಗೆ ಎರಡನೇ ಸಲ ಔಷಧಿ ಹೊಡೆಸಿದ್ದಾಯಿತು. ಮೇಲಿನ ತೋಟಕ್ಕೆ ಮಾತ್ರ ಆಗಿಲ್ಲ. ಮೈಲುತುತ್ತ ತುಟ್ಟಿಯಾಗಿದೆ.” ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರದ ಹಾಗೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣವಿದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್, ಹಿಂದಿಯಲ್ಲಿ ನೀಲಾ ಥೋಥಾ. ನಮ್ಮ ಬಿ.ಎಸ್‌ಸಿ. ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂದದ್ದು ಇಲ್ಲಿ. ಆಮೇಲೆ ದೇಹಸ್ಥಿತಿ: “ಗಂಜಿ ಇಳಿಯುತ್ತದೆ. ಅನ್ನ ಮಾತ್ರ ಆಗುವುದಿಲ್ಲ. ಡಾಕ್ಟರರು ದೀಪಾವಳಿಯ ಮಾತನ್ನೇ ಎತ್ತುವುದಿಲ್ಲ.”

ಎರಡನೆಯ ಹಾಳೆಯ ನಡುವೆ ಆ ವಾಕ್ಯ ಬಂತು. “ಮಗ ಯಾವಾಗ ಬರುತ್ತಾನೆಂದು ಊರವರು ಕೇಳುತ್ತಾರೆ. ಬರುವುದು ಬಿಡುವುದು ನಿನ್ನಿಷ್ಟ. ನಾನು ಸತ್ತ ಮೇಲೆ ಮಾತ್ರ ಬರಬೇಡ.”

ಹುಡುಗ ಎದುರಿನ ಕುರ್ಚಿಯಲ್ಲಿ ಕೂತು ನಮ್ಮ ಮುಖವನ್ನೇ ನೋಡುತ್ತಿದ್ದ. ಇದನ್ನು ಹೇಗೆ ಬರೆಯುವುದು? ಕಾಗದವನ್ನು ರಾತ್ರಿಯ ಮಟ್ಟಿಗೆ ಇಟ್ಟುಕೊಳ್ಳುತ್ತೇವೆಂದು ಹೇಳಿ ಅವನನ್ನು ಕಳಿಸಿದೆವು.

ಕಟುವಾದದ್ದನ್ನು ಮೆತ್ತಗೆ ಮಾಡುವುದು ನಮಗೆ ಕಚೇರಿಯ ಅಭ್ಯಾಸ. ಅರ್ಜಿಯನ್ನು ತಳ್ಳಿಹಾಕಿದ್ದೇವೆಂದು ನಾವು ಯಾರಿಗೂ ಬರೆಯುವುದಿಲ್ಲ. ಒಪ್ಪಲಾಗದ್ದಕ್ಕೆ ವಿಷಾದಿಸುತ್ತೇವೆ ಎಂದು ಬರೆಯುತ್ತೇವೆ. ಆ ಬಳಕೆಯಿಂದಲೇ ಉಪಾಯವೊಂದು ಹೊಳೆಯಿತು. ಕನ್ನಡದಲ್ಲಿ ‘ಬರಬೇಡ’ ಬೇರೆ, ‘ಬರಬೇಕಾಗಿಲ್ಲ’ ಬೇರೆ. ಮೊದಲನೆಯದು ತಡೆಯುವ ಮಾತು. ಎರಡನೆಯದು ಹೊರೆ ಇಳಿಸುವ ಮಾತು. ಹಿಂದಿಯಲ್ಲಿ ಇವೆರಡು ‘ಮತ್ ಆನಾ’ ಮತ್ತು ‘ಆನೇ ಕೀ ಜರೂರತ್ ನಹೀ’. ಎರಡನೆಯದನ್ನೇ ಬರೆದು, ಮುಂದೆ ‘ತೊಂದರೆ ತೆಗೆದುಕೊಳ್ಳಬೇಡ’ ಎಂದು ಒಂದು ತುಂಡು ಸೇರಿಸಿದರಾಯಿತು. ತಂದೆ ಮಗನ ಮೇಲೆ ಕನಿಕರಪಟ್ಟು ಬರೆದ ಹಾಗೆ ಕಾಣುತ್ತದೆ. ಸಾಯುತ್ತಿರುವವರ ಕೊನೆಯ ಕಾಗದ, ಮಗ ಜೀವಮಾನವಿಡೀ ಇಟ್ಟುಕೊಳ್ಳುವಂಥದ್ದು. ಅದರಲ್ಲೊಂದು ಮುಳ್ಳು ಕಿತ್ತರೆ ಯಾರಿಗೆ ನಷ್ಟ?

ಇದನ್ನು ನಮ್ಮ ಮನೆಯವರಿಗೆ ಹೇಳಿದೆವು. ಅವರದೂ ಮಲೆನಾಡೇ. ಕಾಗದವನ್ನು ಕೈಗೆ ತೆಗೆದುಕೊಂಡು ಮೊದಲಿನಿಂದ ಗಟ್ಟಿಯಾಗಿ ಓದಿದರು. ಓದಿ, “ಇವರು ‘ಮಾತ್ರ’ ಅನ್ನೋದನ್ನ ಹೇಗೆ ಹೇಳ್ತಾರೆ ನೋಡಿದಿರಾ?” ಎಂದರು.

ನೋಡಿದೆವು. ಕಾಗದದಲ್ಲಿ ಆ ಮಾತು ಮೂರು ಕಡೆ ಇತ್ತು. ಮೇಲಿನ ತೋಟಕ್ಕೆ ಮಾತ್ರ ಆಗಿಲ್ಲ ಎಂದರೆ ಮಿಕ್ಕ ತೋಟಕ್ಕೆಲ್ಲ ಆಗಿದೆ. ಅನ್ನ ಮಾತ್ರ ಆಗುವುದಿಲ್ಲ ಎಂದರೆ ಗಂಜಿ ಆಗುತ್ತದೆ. ಹಾಗಾದರೆ, ಸತ್ತ ಮೇಲೆ ಮಾತ್ರ ಬರಬೇಡ ಎಂದರೆ? ಈ ಮನುಷ್ಯ ಒಂದನ್ನು ಹೊರಗಿಡುವುದಕ್ಕೆ ‘ಮಾತ್ರ’ ಎನ್ನುತ್ತಾರೆ. ಹೊರಗಿಟ್ಟಾಗಲೆಲ್ಲ ಉಳಿದದ್ದು ಒಳಗೇ ಇರುತ್ತದೆ. ಬಾಗಿಲು ಮುಚ್ಚಿದ್ದು ಸತ್ತ ಮೇಲಿನ ದಿನಗಳಿಗೆ. ಅದಕ್ಕೆ ಮೊದಲಿನ ದಿನಗಳಿಗೆ ತೆರೆದೇ ಇದೆ.

ಮುಂದಿನ ಸಾಲು ಇದಕ್ಕೆ ಸಾಕ್ಷಿ ಹೇಳಿತು. ಮೊದಲ ಓದಿನಲ್ಲಿ ಅದನ್ನು ಮನೆವಾರ್ತೆಯೆಂದೇ ಎಣಿಸಿದ್ದೆವು. “ಬಚ್ಚಲ ಹಂಡೆ ತೂತಾಗಿತ್ತು. ಹೊಸದು ಹೂಡಿಸಿದ್ದೇನೆ. ನಿಮಗೆ ಬಿಸಿನೀರಿಗೆ ತೊಂದರೆಯಾಗದು.” ಕಾಗದದ ಉದ್ದಕ್ಕೂ ಮಗನಿಗೆ ‘ನೀನು’, ‘ನಿನಗೆ’. ಇಲ್ಲೊಂದೇ ಕಡೆ ‘ನಿಮಗೆ’. ಹಳ್ಳಿಯ ತಂದೆ ಮಗನಿಗೆ ಇದ್ದಕ್ಕಿದ್ದಂತೆ ಬಹುವಚನ ಕೊಡುವುದಿಲ್ಲ. ಇದು ಮರ್ಯಾದೆಯ ಬಹುವಚನವಲ್ಲ, ಲೆಕ್ಕದ ಬಹುವಚನ: ಬರುವವರು ಇಬ್ಬರು. ನಾಲ್ಕು ವರ್ಷ ಹೆಸರೆತ್ತದ ಸೊಸೆ ಆ ಒಂದು ಮಾತಿನಲ್ಲಿ ಮನೆಯೊಳಗೆ ಬಂದಿದ್ದಳು.

ನಾವು ಯೋಚಿಸಿದ್ದ ಮೆತ್ತನೆಯ ವಾಕ್ಯ ಏನು ಮಾಡುತ್ತಿತ್ತೆಂಬುದು ಆಗ ಸ್ಪಷ್ಟವಾಯಿತು. ‘ಬರುವ ಅಗತ್ಯವಿಲ್ಲ, ತೊಂದರೆ ತೆಗೆದುಕೊಳ್ಳಬೇಡ’ ಎಂದು ಓದಿದ ಮಗ ನಿಟ್ಟುಸಿರುಬಿಟ್ಟು ದೆಹಲಿಯಲ್ಲೇ ಉಳಿಯುತ್ತಿದ್ದ. ಮುಳ್ಳಿನ ಜೊತೆಗೆ ಕರೆಯೂ ಕಿತ್ತುಬರುತ್ತಿತ್ತು.

ಆದರೆ ಅರ್ಥವನ್ನು ಬಿಡಿಸಿ, ‘ನಾನು ಬದುಕಿರುವಾಗಲೇ ಬಾ’ ಎಂದು ಬರೆಯುವುದೂ ಸಲ್ಲದು. ಅದೂ ಮೆತ್ತಗೆ ಮಾಡಿದ ಹಾಗೆಯೇ. ಆ ಮಾತನ್ನು ಅವರು ಬರೆಯಬಹುದಿತ್ತು, ಬರೆದಿಲ್ಲ. ಅವರ ಅಭಿಮಾನ ಅವರದು. ಹಿಂದಿಯ ‘ಸಿರ್ಫ್’ ಇಲ್ಲಿ ಸರಿಹೊಂದಲಿಲ್ಲ. ಕೊನೆಗೆ ‘ಬಸ್’ ಎಂಬ ಪುಟ್ಟ ಮಾತು ನೆರವಿಗೆ ಬಂತು: “ಬಸ್, ಮೇರೇ ಮರ್ನೇ ಕೇ ಬಾದ್ ಮತ್ ಆನಾ.” ಸಿಟ್ಟೂ ಉಳಿಯಿತು, ಸಂದೂ ಉಳಿಯಿತು. ‘ನಿಮಗೆ’ ಎಂಬುದಕ್ಕೆ ಬರಿಯ ‘ತುಮ್ಹೇ’ ಸಾಲದು. ಅದು ಒಬ್ಬನಿಗೂ ಆಗುತ್ತದೆ, ಇಬ್ಬರಿಗೂ ಆಗುತ್ತದೆ. ‘ತುಮ್ ದೋನೋಂ ಕೋ’ ಎಂದು ಬರೆದು, ಕನ್ನಡದಲ್ಲಿ ಇಲ್ಲಿ ಬಹುವಚನವಿದೆಯೆಂದು ಅಂಚಿನಲ್ಲಿ ಗುರುತು ಮಾಡಿದೆವು.

ಬೆಳಿಗ್ಗೆ ಹಾಳೆಯನ್ನು ಕೊಟ್ಟೆವು. ಹುಡುಗ ಆ ವಾಕ್ಯಕ್ಕೆ ಬಂದಾಗ ಅವನ ಮುಖ ಬಿಗಿಯಿತು, ಹಾಳೆಯನ್ನು ಮಡಿಸಹೋದ. ಪಕ್ಕದಲ್ಲಿ ನಿಂತು ಓದುತ್ತಿದ್ದ ಹೆಂಡತಿ ಮಡಿಸಗೊಡಲಿಲ್ಲ. ಮುಂದಿನ ಸಾಲಿನ ಮೇಲೆ ಬೆರಳಿಟ್ಟು, “ದೋನೋಂ ಅಂತ ಅವರೇ ಬರೆದಿದ್ದಾರಾ, ಅಂಕಲ್?” ಎಂದು ಹಿಂದಿಯಲ್ಲಿ ಕೇಳಿದಳು. ಮೂಲ ಕಾಗದದಲ್ಲಿ ‘ನಿಮಗೆ’ ಎಂಬ ಮಾತನ್ನು ತೋರಿಸಿದೆವು. ಅವಳಿಗೆ ಓದಲು ಬಾರದು. ಆದರೂ ಬಹಳ ಹೊತ್ತು ನೋಡಿದಳು.

ಮಾರನೆಯ ದಿನವೇ ಇಬ್ಬರೂ ಹೊರಟರು. ತಂದೆ ಅದಾದ ಮೇಲೆ ಹನ್ನೊಂದು ದಿನ ಇದ್ದರು. ಮಾತಂತೂ ಇರಲಿಲ್ಲ, ಸ್ಲೇಟಿನ ಮೇಲೆ ಬರೆಯುತ್ತಿದ್ದರಂತೆ, ನೆರೆಮನೆಯ ಶಾಲೆಯ ಹುಡುಗನೊಬ್ಬ ಓದಿ ಹೇಳುತ್ತಿದ್ದನಂತೆ. ಏನೇನು ಬರೆದರೆಂದು ನಾವು ಕೇಳಲಿಲ್ಲ. ಕ್ರಿಯೆಗಳನ್ನೆಲ್ಲ ಮುಗಿಸಿ ಬಂದಾಗ ಆ ಹುಡುಗಿ ನಮ್ಮ ಮನೆಯವರಿಗೆ ಒಂದು ಮಾತು ಹೇಳಿದಳು: “ಹಂಡೆ ನಿಜವಾಗಿಯೂ ಹೊಸದು, ಆಂಟಿ. ಇನ್ನೂ ಮಸಿ ಹಿಡಿದಿರಲಿಲ್ಲ.”